ಆಪ್ಷನ್ ಕೊಳ್ಳಲೋ, ಮಾರಲೋ? ಐವಿ ರ‍್ಯಾಂಕ್ ಹೇಳುವುದೆಷ್ಟು, ಹೇಳದೆ ಬಿಡುವುದೆಷ್ಟು

ಕೆಲವು ವರ್ಷಗಳ ಹಿಂದೆ ಬಜೆಟ್‌ಗೆ ಒಂದು ದಿನ ಮುಂಚೆ ನಾನೊಂದು ನಿಫ್ಟಿ ಕಾಲ್ ಆಪ್ಷನ್ ಕೊಂಡಿದ್ದೆ. ಕಾಲ್ ಅಂದರೆ ಮುಂದಿನ ಒಂದು ಗೊತ್ತಾದ ದಿನ ನಿಫ್ಟಿಯನ್ನು ಗೊತ್ತಾದ ದರಕ್ಕೆ ಕೊಳ್ಳುವ ಹಕ್ಕು. ಬಜೆಟ್ ಮಾರುಕಟ್ಟೆಗೆ ಹಿಡಿಸುತ್ತದೆ, ನಿಫ್ಟಿ ಏರುತ್ತದೆ ಅನ್ನುವುದು ನನ್ನ ಲೆಕ್ಕ. ಮಾರನೇ ದಿನ ನಿಫ್ಟಿ ನಿಜವಾಗಿಯೂ ಏರಿತು. ಖುಷಿಯಿಂದ ಮೊಬೈಲ್ ತೆಗೆದು ನೋಡಿದರೆ ನನ್ನ ಕಾಲ್ ಮಾತ್ರ ಕೆಂಪಗೆ ಕೂತಿದೆ. ಆ್ಯಪ್ ಕೆಟ್ಟಿದೆ ಅಂದುಕೊಂಡು ಎರಡು ಸಲ ಮುಚ್ಚಿ ತೆರೆದೆ. ಆ್ಯಪ್ ಸರಿಯಾಗಿಯೇ ಇತ್ತು. ನಾನು ಕೊಂಡ ದರವೇ ತಪ್ಪಾಗಿತ್ತು.

ಆಪ್ಷನ್‌ನ ದರದಲ್ಲಿ, ಅಂದರೆ ಪ್ರೀಮಿಯಂನಲ್ಲಿ, ಒಂದು ಪಾಲು ನಿರೀಕ್ಷೆಯ ಬೆಲೆ. ಮುಂದೆ ಬೆಲೆ ಎಷ್ಟು ಅಲ್ಲಾಡಬಹುದು ಎಂದು ಮಾರುಕಟ್ಟೆ ಅಂದುಕೊಂಡಿದೆಯೋ ಅದನ್ನು ಆಪ್ಷನ್‌ನ ದರದಿಂದಲೇ ಹಿಂದಕ್ಕೆ ಲೆಕ್ಕ ಹಾಕಿ ತೆಗೆಯಬಹುದು. ಆ ಸಂಖ್ಯೆಯೇ ಇಂಪ್ಲೈಡ್ ವೊಲಟಿಲಿಟಿ, ಎಲ್ಲರ ಬಾಯಲ್ಲಿ ಐವಿ. ಇದನ್ನು ವರ್ಷದ ಲೆಕ್ಕದಲ್ಲಿ ಶೇಕಡಾವಾರು ಹೇಳುತ್ತಾರೆ. ಮೇಲಕ್ಕೋ ಕೆಳಕ್ಕೋ ಅನ್ನುವುದನ್ನು ಅದು ಹೇಳುವುದಿಲ್ಲ. ಎಷ್ಟು ದೂರ ಅನ್ನುವುದನ್ನಷ್ಟೇ ಹೇಳುತ್ತದೆ.

ಒಂದು ಉದಾಹರಣೆ ನೋಡೋಣ. ನಿಫ್ಟಿ 24,000ದಲ್ಲಿದೆ, ಎಕ್ಸ್‌ಪೈರಿಗೆ ಅಂದರೆ ಆಪ್ಷನ್ ಮುಗಿಯುವ ದಿನಕ್ಕೆ 30 ದಿನ ಇದೆ ಅಂದುಕೊಳ್ಳಿ. ಬಡ್ಡಿಯ ಸಣ್ಣ ಲೆಕ್ಕ ಬಿಟ್ಟರೆ, ಐವಿ 12 ಇದ್ದಾಗ 24,000ದ ಕಾಲ್ ಸುಮಾರು 330 ರೂಪಾಯಿ. ಐವಿ 20 ಇದ್ದಾಗ ಅದೇ ಕಾಲ್ ಸುಮಾರು 550. ನಿಫ್ಟಿ ಒಂದು ಪಾಯಿಂಟ್ ಕೂಡ ಕದಲಿಲ್ಲ, ದಿನವೂ ಕಳೆದಿಲ್ಲ, ಆದರೂ 220 ರೂಪಾಯಿ ವ್ಯತ್ಯಾಸ. ಈಗ ನಾನು ಮಾಡಿದಂತೆ ಐವಿ 20ರಲ್ಲಿ 550 ಕೊಟ್ಟು ಕೊಂಡಿದ್ದೀರಿ. ಮಾರನೇ ದಿನ ನಿಫ್ಟಿ 150 ಪಾಯಿಂಟ್ ಏರಿತು, ಕಾಯುತ್ತಿದ್ದ ಸುದ್ದಿ ಹೊರಬಿದ್ದಿದ್ದರಿಂದ ಐವಿ 15ಕ್ಕೆ ಇಳಿಯಿತು. ನಿಮ್ಮ ಕಾಲ್ ಈಗ ಸುಮಾರು 487. ದಿಕ್ಕು ಸರಿ, ದುಡ್ಡು ಲಾಸ್. ಪೇಟೆಯ ಜನ ಇದನ್ನು ಐವಿ ಕ್ರಶ್ ಅನ್ನುತ್ತಾರೆ.

ಹಾಗಾದರೆ ಐವಿ 20 ಅನ್ನುವುದು ದುಬಾರಿಯೋ, ಅಗ್ಗವೋ? ಅದನ್ನು ತಿಳಿಯುವುದಕ್ಕೇ ಐವಿ ರ‍್ಯಾಂಕ್ ಇರುವುದು.

ಟೊಮೆಟೊ ದರದ ಲೆಕ್ಕ

ಸಂತೆಯಲ್ಲಿ ಟೊಮೆಟೊ ಕೆಜಿಗೆ 60 ರೂಪಾಯಿ ಅಂದರೆ ಜಾಸ್ತಿ ಆಯ್ತು ಅನ್ನುತ್ತೇವೆ. ಬೀನ್ಸ್ 60 ಅಂದರೆ ಪರವಾಗಿಲ್ಲ ಅನ್ನುತ್ತೇವೆ. ಸಂಖ್ಯೆ ಒಂದೇ. ಆದರೆ ಯಾವ ತರಕಾರಿ ಎಷ್ಟರಿಂದ ಎಷ್ಟರವರೆಗೆ ಓಡಾಡುತ್ತದೆ ಅನ್ನುವುದು ನಮಗೆ ಗೊತ್ತಿದೆ. ಐವಿಯೂ ಹೀಗೆಯೇ. ನಿಫ್ಟಿಗೆ 25 ಅಂದರೆ ಬಹಳ. ಒಂದು ತುಂಟ ಮಿಡ್‌ಕ್ಯಾಪ್ ಷೇರಿಗೆ 25 ಅಂದರೆ ಅದು ನಿದ್ದೆ ಮಾಡುತ್ತಿದೆ ಎಂದರ್ಥ.

ಐವಿ ರ‍್ಯಾಂಕ್ ಮಾಡುವುದು ಇಷ್ಟೇ. ಕಳೆದ ಒಂದು ವರ್ಷದಲ್ಲಿ ಐವಿ ಮುಟ್ಟಿದ ಕನಿಷ್ಠವನ್ನು ಸೊನ್ನೆ ಎನ್ನುತ್ತದೆ, ಗರಿಷ್ಠವನ್ನು ನೂರು ಎನ್ನುತ್ತದೆ. ಇವತ್ತಿನ ಐವಿ ಇವೆರಡರ ನಡುವೆ ಎಲ್ಲಿ ನಿಂತಿದೆ ಎಂದು ತೋರಿಸುತ್ತದೆ.

ಎರಡು ಷೇರುಗಳ ಐವಿ ಇವತ್ತು 32 ಅಂದುಕೊಳ್ಳೋಣ. ಮೊದಲನೆಯದು ವರ್ಷದಲ್ಲಿ 18ರಿಂದ 46ರವರೆಗೆ ಓಡಾಡಿದೆ. 32ರಿಂದ 18 ಕಳೆದರೆ 14. ಒಟ್ಟು ಅಂತರ 28. ಹಾಗಾಗಿ ರ‍್ಯಾಂಕ್ 50. ಎರಡನೆಯದು 28ರಿಂದ 60ರವರೆಗೆ ಓಡಾಡಿದೆ. 32ರಿಂದ 28 ಕಳೆದರೆ 4, ಅಂತರ 32, ರ‍್ಯಾಂಕ್ 12.5. ಒಂದೇ ಐವಿ. ಒಂದು ತನ್ನ ಹಾದಿಯ ನಡುಮಧ್ಯ, ಇನ್ನೊಂದು ಹೆಚ್ಚುಕಡಿಮೆ ತಳದಲ್ಲಿ.

ಇದರಿಂದ ಹುಟ್ಟಿದ ನಿಯಮ ಎಲ್ಲರಿಗೂ ಗೊತ್ತಿರುವಂಥದ್ದು: ರ‍್ಯಾಂಕ್ 50ಕ್ಕಿಂತ ಮೇಲಿದ್ದರೆ ಆಪ್ಷನ್ ಮಾರು, 30ಕ್ಕಿಂತ ಕೆಳಗಿದ್ದರೆ ಕೊಳ್ಳು, ನಡುವೆ ಇದ್ದರೆ ಸುಮ್ನೆ ಇರು. ಐವಿ ತೀರಾ ಏರಿದ ಮೇಲೆ ಇಳಿಯುವ, ತೀರಾ ಇಳಿದ ಮೇಲೆ ಏರುವ ಸ್ವಭಾವದ್ದು ಅನ್ನುವುದು ಈ ನಿಯಮದ ಬುಡ. ಆ ಸ್ವಭಾವ ನಿಜವೇ. ಆದರೆ 50 ಮತ್ತು 30 ಯಾವ ಶಾಸ್ತ್ರದಲ್ಲೂ ಇಲ್ಲ. ಬಳಸಿ ಬಳಸಿ ರೂಢಿಯಾದ ಗೆರೆಗಳು ಅಷ್ಟೆ. 49ಕ್ಕೂ 51ಕ್ಕೂ ವ್ಯತ್ಯಾಸ ಇದೆ ಎಂದು ನಂಬಿದರೆ ನಷ್ಟ ನಮ್ಮದೇ.

ನಿಫ್ಟಿಗೆ ಈ ಲೆಕ್ಕವನ್ನು ನೀವೇ ಮಾಡಿಕೊಳ್ಳಬಹುದು. ಎನ್‌ಎಸ್‌ಇ ಪ್ರಕಟಿಸುವ ಇಂಡಿಯಾ ವಿಕ್ಸ್ ಅಂದರೆ ನಿಫ್ಟಿ ಆಪ್ಷನ್‌ಗಳ ದರದಿಂದ ತೆಗೆದ, ಮುಂದಿನ 30 ದಿನಗಳ ಐವಿ. ಅದರ ಹಳೆಯ ಅಂಕಿಗಳು ಎನ್‌ಎಸ್‌ಇ ತಾಣದಲ್ಲೇ ಸಿಗುತ್ತವೆ. ದಿನದ ಕೊನೆಯ ಅಂಕಿಗಳನ್ನು ಒಂದು ಶೀಟ್‌ನ B ಕಾಲಂನಲ್ಲಿ ಹಳೆಯದರಿಂದ ಹೊಸದಕ್ಕೆ ಹಾಕಿ. ವರ್ಷಕ್ಕೆ ಸುಮಾರು 250 ವಹಿವಾಟಿನ ದಿನಗಳು ಬರುತ್ತವೆ. 252 ಸಾಲು ಹಿಡಿದರೆ ಹೀಗೆ ಬರೆಯಬೇಕು:

```
=(B253-MIN(B2:B253))/(MAX(B2:B253)-MIN(B2:B253))*100
=COUNTIF(B2:B253,"<"&B253)/COUNT(B2:B253)*100
```

ಮೊದಲ ಸಾಲು ರ‍್ಯಾಂಕ್. ಎರಡನೆಯದು ಐವಿ ಪರ್ಸೆಂಟೈಲ್. ವರ್ಷದ ಎಷ್ಟು ಶೇಕಡಾ ದಿನಗಳಲ್ಲಿ ಐವಿ ಇವತ್ತಿಗಿಂತ ಕಡಿಮೆ ಇತ್ತು ಅನ್ನುವುದನ್ನು ಅದು ಹೇಳುತ್ತದೆ. ಎರಡೂ ಯಾಕೆ ಬೇಕು? ಅದಕ್ಕೂ ಟೊಮೆಟೊ ಸಾಕು.

2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿದ್ದು ನಿಮಗೆ ನೆನಪಿರಬಹುದು. ಕೋಲಾರದ ಕಡೆ ಕೆಲವರು ರಾತ್ರಿಯೆಲ್ಲ ಹೊಲ ಕಾದ ಕಾಲ ಅದು. ಆ ಒಂದು ತಿಂಗಳನ್ನು ಸೇರಿಸಿಕೊಂಡು ವರ್ಷದ ರ‍್ಯಾಂಕ್ ತೆಗೆದರೆ 50 ರೂಪಾಯಿಯ ಟೊಮೆಟೊ ಅಗ್ಗ ಎಂದು ಬರುತ್ತದೆ. ವರ್ಷದ ಬಹುಪಾಲು ದಿನ 20ಕ್ಕೋ 30ಕ್ಕೋ ಕೊಂಡವರಿಗೆ ಹಾಗೆ ಅನ್ನಿಸುತ್ತದೆಯೇ? ಒಂದೇ ಒಂದು ಎತ್ತರದ ಗುಡ್ಡ ಇದ್ದರೆ ಉಳಿದ ದಿಬ್ಬಗಳೆಲ್ಲ ಬಯಲಿನಂತೆ ಕಾಣುತ್ತವೆ.

ಮಾರುಕಟ್ಟೆಯಲ್ಲಿ ಇದು ನಡೆದದ್ದು 2020ರ ಮಾರ್ಚ್ ನಂತರ. ಕೊರೊನಾ ಭಯಕ್ಕೆ ಇಂಡಿಯಾ ವಿಕ್ಸ್ 80 ದಾಟಿತು. 2021ರ ಫೆಬ್ರುವರಿ ಬಜೆಟ್ ಹೊತ್ತಿಗೆ ಅದು 24ರ ಆಸುಪಾಸಿನಲ್ಲಿತ್ತು. ನಿಫ್ಟಿಯ ಮಾಮೂಲಿ ದಿನಗಳಿಗೆ ಹೋಲಿಸಿದರೆ ಅದು ಸಾಕಷ್ಟು ಜಾಸ್ತಿ. ಆದರೆ ಹಿಂದಿನ ಒಂದು ವರ್ಷದ ಮೇಲ್ತುದಿ 80ರ ಮೇಲೆ, ಕೆಳತುದಿ 13-14ರಲ್ಲಿ ಇದ್ದಿದ್ದರಿಂದ ರ‍್ಯಾಂಕ್ 15ರ ಹತ್ತಿರ ಬರುತ್ತಿತ್ತು. ನಿಯಮ ಹಿಡಿದವನು ಅಗ್ಗ ಎಂದು ಆಪ್ಷನ್ ಕೊಳ್ಳಬೇಕಿತ್ತು! ಇನ್ನೊಂದು ತಮಾಷೆ ಇದೆ. ಆ ಮಾರ್ಚ್, ಏಪ್ರಿಲ್ ದಿನಗಳು ಒಂದು ವರ್ಷದ ಲೆಕ್ಕದಿಂದ ಆಚೆ ಬೀಳುತ್ತಾ ಹೋದ ಹಾಗೆ, ಮಾರುಕಟ್ಟೆಯಲ್ಲಿ ಏನೂ ಆಗದಿದ್ದರೂ ರ‍್ಯಾಂಕ್ ತಾನಾಗಿ ಏರುತ್ತದೆ. ಹಾಗಾಗಿ ರ‍್ಯಾಂಕ್ ಮತ್ತು ಪರ್ಸೆಂಟೈಲ್ ತುಂಬಾ ದೂರ ದೂರ ನಿಂತಿದ್ದರೆ, ವರ್ಷದೊಳಗೆ ಎಲ್ಲೋ ಒಂದು ಗುಡ್ಡ ಅಡಗಿದೆ ಎಂದು ತಿಳಿಯಬೇಕು. ಆಗ ನಾನು ಪರ್ಸೆಂಟೈಲ್ ಮಾತನ್ನೇ ಕೇಳುತ್ತೇನೆ.

2024ರ ಚುನಾವಣೆ: ಸೊನ್ನೆಯಿಂದ ನೂರಕ್ಕೆ

ರ‍್ಯಾಂಕ್‌ನ ಬಲ ಮತ್ತು ಮಿತಿ ಎರಡನ್ನೂ ಆರೇ ವಾರಗಳಲ್ಲಿ ತೋರಿಸಿಕೊಟ್ಟದ್ದು 2024ರ ಲೋಕಸಭಾ ಚುನಾವಣೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಏಪ್ರಿಲ್ 19ಕ್ಕೆ ಮತದಾನ ಶುರುವಾಯಿತು. ಜೂನ್ 1ಕ್ಕೆ ಕೊನೆಯ ಹಂತ, ಜೂನ್ 4ಕ್ಕೆ ಫಲಿತಾಂಶ. ದಿನಾಂಕಗಳೆಲ್ಲ ಮೊದಲೇ ಗೊತ್ತಿದ್ದವು. ಹೀಗಿರುವಾಗ ಏಪ್ರಿಲ್ 23ರಂದು ಇಂಡಿಯಾ ವಿಕ್ಸ್ ಒಂದೇ ದಿನ ಶೇ. 20ರಷ್ಟು ಬಿದ್ದು 10ರ ಆಸುಪಾಸಿಗೆ ಬಂತು. ಅದು ವರ್ಷದ ತಳವೇ. ರ‍್ಯಾಂಕ್ ಹೆಚ್ಚುಕಡಿಮೆ ಸೊನ್ನೆ. ಮುಂದೆ ಇಷ್ಟು ದೊಡ್ಡ ಘಟನೆ ಇದೆ, ಆಪ್ಷನ್ ಇಷ್ಟು ಅಗ್ಗ ಇದೆ, ಕಣ್ಣುಮುಚ್ಚಿ ಕೊಳ್ಳಬಹುದು ಅಲ್ವಾ?

ಇಲ್ಲೇ ಒಂದು ಸೂಕ್ಷ್ಮ ಇದೆ. ವಿಕ್ಸ್ ನೋಡುವುದು ಮುಂದಿನ 30 ದಿನಗಳನ್ನು ಮಾತ್ರ. ಏಪ್ರಿಲ್ 23ರಿಂದ 30 ದಿನ ಅಂದರೆ ಮೇ 23. ಫಲಿತಾಂಶ ಬರುವುದು ಅದಾದ ಮೇಲೆ. ಅಂದರೆ ವಿಕ್ಸ್ 10 ಎಂದಾಗ ಅದರಲ್ಲಿ ಚುನಾವಣಾ ಫಲಿತಾಂಶ ಲೆಕ್ಕಕ್ಕೇ ಇರಲಿಲ್ಲ. ಫಲಿತಾಂಶದ ಲಾಭ ಬೇಕಿದ್ದವನು ಜೂನ್ ಕೊನೆಯ ಆಪ್ಷನ್ ಕೊಳ್ಳಬೇಕು. ಆ ಆಪ್ಷನ್‌ನ ಮಾರಾಟಗಾರನಿಗೂ ಜೂನ್ 4 ಗೊತ್ತು. ಅವನು ವಿಕ್ಸ್ ನೋಡಿ 10ರ ದರಕ್ಕೆ ಕೊಡುತ್ತಾನೆಯೇ? ಮೇ ಮೊದಲ ವಾರದಲ್ಲಿ ಜೂನ್ 4 ಆ 30 ದಿನಗಳ ಒಳಗೆ ಬಂತು. ಅದೇ ಹೊತ್ತಿಗೆ ವಿಕ್ಸ್ ಜೋರಾಗಿ ಏರತೊಡಗಿತು. ಭಯ ಹೆಚ್ಚಿದ್ದೂ ಇರಬಹುದು. ಆದರೆ ಏರಿಕೆಯ ಒಂದು ಪಾಲು ಬರೀ ಕ್ಯಾಲೆಂಡರ್‌ನ ಆಟ.

ಆದ್ದರಿಂದ ಮೊದಲ ಪಾಠ: ರ‍್ಯಾಂಕ್ ಯಾವ ಅವಧಿಯ ಐವಿಯದು ಎಂದು ನೋಡಬೇಕು, ನಾವು ಕೊಳ್ಳುವ ಆಪ್ಷನ್ ಯಾವ ಎಕ್ಸ್‌ಪೈರಿಯದು ಎಂದೂ ನೋಡಬೇಕು. ಆಪ್ಷನ್ ಚೈನ್‌ನಲ್ಲಿ ಪ್ರತಿ ಸ್ಟ್ರೈಕ್‌ನ ಪಕ್ಕ ಐವಿ ಕಾಲಂ ಇರುತ್ತದೆ. ಆಪ್ಷನ್ ಚೈನ್ ಅಂದರೆ ಎಲ್ಲ ಆಪ್ಷನ್ ದರಗಳ ಪಟ್ಟಿ, ಸ್ಟ್ರೈಕ್ ಅಂದರೆ ಆ ಹಕ್ಕಿನ ಗೊತ್ತಾದ ದರ. ಈಗಿನ ನಿಫ್ಟಿ ದರಕ್ಕೆ ಹತ್ತಿರದ ಸ್ಟ್ರೈಕ್‌ನ ಐವಿಯನ್ನು ನಿಮ್ಮ ಎಕ್ಸ್‌ಪೈರಿಯಲ್ಲೇ ನೋಡಿ. ಅದು ವಿಕ್ಸ್‌ಗಿಂತ ಬಹಳ ಮೇಲಿದ್ದರೆ ರ‍್ಯಾಂಕ್ ತೋರಿಸುತ್ತಿರುವ ಅಗ್ಗ ನಿಮ್ಮ ಕೈಗೆ ಸಿಗುವ ಅಗ್ಗ ಅಲ್ಲ. ವಾರದ ಆಪ್ಷನ್ ಮಾಡುವವರಿಗೆ ಇದು ಇನ್ನೂ ಮುಖ್ಯ. ಎರಡು ದಿನ ಉಳಿದಿರುವ ಆಪ್ಷನ್‌ಗೆ 30 ದಿನಗಳ ವಿಕ್ಸ್ ರ‍್ಯಾಂಕ್ ಹಿಡಿದು ನಿರ್ಧಾರ ಮಾಡುವುದು ಅಂದರೆ ಮೈಸೂರಿನ ಮಳೆ ನೋಡಿ ಬೀದರ್‌ನಲ್ಲಿ ಕೊಡೆ ಬಿಡಿಸಿದ ಹಾಗೆ.

ಮೇ ತಿಂಗಳು ಮುಗಿಯುವ ಹೊತ್ತಿಗೆ ಚಿತ್ರ ತಲೆಕೆಳಗಾಗಿತ್ತು. ಮೇ 31ರ ಶುಕ್ರವಾರ ವಿಕ್ಸ್ ಸುಮಾರು 24.6. ಅದು ವರ್ಷದ ತುದಿ, ರ‍್ಯಾಂಕ್ ನೂರು. ಆ ಐದಾರು ವಾರಗಳಲ್ಲಿ ನಿಫ್ಟಿ ಎಷ್ಟು ಏರಿತ್ತು ಗೊತ್ತೇ? ಏಪ್ರಿಲ್ 23ರಂದು 22,368, ಮೇ 31ರಂದು 22,530. ಶೇ. 1 ಕೂಡ ಇಲ್ಲ. ನಿಫ್ಟಿ ಇದ್ದಲ್ಲೇ ಇತ್ತು, ಆಪ್ಷನ್‌ಗೆ ಹಾಕುವ ಐವಿ ಮಾತ್ರ ಎರಡು ಪಟ್ಟು ದಾಟಿತ್ತು.

ವಾರಾಂತ್ಯದಲ್ಲಿ ಎಕ್ಸಿಟ್ ಪೋಲ್‌ಗಳು ಆಡಳಿತ ಪಕ್ಷಕ್ಕೆ ಭಾರಿ ಬಹುಮತ ಕೊಟ್ಟವು. ಜೂನ್ 3ರ ಸೋಮವಾರ ನಿಫ್ಟಿ ಶೇ. 3ಕ್ಕೂ ಜಾಸ್ತಿ ಜಿಗಿದು 23,263.90ಕ್ಕೆ ಮುಗಿಯಿತು. ವಿಕ್ಸ್ ಸುಮಾರು 20.9ಕ್ಕೆ ಇಳಿಯಿತು. ರ‍್ಯಾಂಕ್ ಲೆಕ್ಕ ಹಾಕಿ: 20.9ರಿಂದ 10.2 ಕಳೆದರೆ 10.7. ವರ್ಷದ ಅಂತರ 24.6ರಿಂದ 10.2 ಕಳೆದು 14.4. ರ‍್ಯಾಂಕ್ ಸುಮಾರು 74. ಪುಸ್ತಕದ ನಿಯಮ ಹೇಳುತ್ತದೆ: ಮಾರು. ನಾಳೆ ಫಲಿತಾಂಶ ಬಂದ ಮೇಲೆ ಐವಿ ಬೀಳುವುದು ಖಚಿತ. ಪ್ರೀಮಿಯಂ ಕರಗುತ್ತದೆ, ದುಡ್ಡು ಜೇಬಿಗೆ.

ಹಾಗೆ ಮಾರಿದವನಿಗೆ ಏನಾಯಿತು ಎಂದು ಲೆಕ್ಕ ಹಾಕೋಣ. ಜೂನ್ 27ರ ಎಕ್ಸ್‌ಪೈರಿಯ 23,250 ಸ್ಟ್ರೈಕ್‌ನ ಕಾಲ್ ಮತ್ತು ಪುಟ್ ಎರಡನ್ನೂ ಮಾರಿದ ಅಂದುಕೊಳ್ಳಿ. ಪುಟ್ ಅಂದರೆ ಗೊತ್ತಾದ ದರಕ್ಕೆ ಮಾರುವ ಹಕ್ಕು. ಇದೇ ಶಾರ್ಟ್ ಸ್ಟ್ರಾಡಲ್. ಇಲ್ಲಿರುವ ಪ್ರೀಮಿಯಂಗಳು ವಿಕ್ಸ್ ಅಂಕಿಯನ್ನು ಸೂತ್ರಕ್ಕೆ ಹಾಕಿ ನಾನು ತೆಗೆದ ಅಂದಾಜು, ಅವತ್ತು ಪರದೆಯ ಮೇಲಿದ್ದ ದರಗಳಲ್ಲ. ಎರಡೂ ಸೇರಿ ಅವನಿಗೆ ಸುಮಾರು 1,000 ಪಾಯಿಂಟ್ ಸಿಗುತ್ತದೆ. ಆಗ ನಿಫ್ಟಿಯ ಲಾಟ್, ಅಂದರೆ ಒಂದು ಸಲಕ್ಕೆ ಮಾಡಬೇಕಾದ ಕನಿಷ್ಠ ಪ್ರಮಾಣ, 25. ಹಾಗಾಗಿ ಒಂದು ಲಾಟ್‌ಗೆ ಸುಮಾರು 25,000 ರೂಪಾಯಿ.

ಜೂನ್ 4ರಂದು ಎಣಿಕೆ ಎಕ್ಸಿಟ್ ಪೋಲ್‌ಗಳನ್ನು ಸುಳ್ಳು ಮಾಡಿತು. ನಿಫ್ಟಿ ಮಧ್ಯಾಹ್ನದ ಹೊತ್ತಿಗೆ 21,281ರವರೆಗೆ ಜಾರಿತು. ದಿನದ ಕೊನೆಗೆ 21,884.50, ಅಂದರೆ ಶೇ. 5.93 ಕುಸಿತ. ಬೀಳಬೇಕಿದ್ದ ವಿಕ್ಸ್ ದಿನದ ನಡುವೆ 30 ದಾಟಿ, ಕೊನೆಗೆ 26.7ರ ಹತ್ತಿರ ನಿಂತಿತು. ಮಾರಿದ ಸ್ಟ್ರಾಡಲ್‌ನ ಬೆಲೆ ದಿನದ ಕೊನೆಗೆ ಸುಮಾರು 1,640. ಲಾಟ್‌ಗೆ 16,000 ರೂಪಾಯಿ ನಷ್ಟ. ನಡು ಮಧ್ಯಾಹ್ನ ಅದು 2,000 ಪಾಯಿಂಟ್ ದಾಟಿತ್ತು. ಅಂದರೆ ಪಡೆದ ಪ್ರೀಮಿಯಂನಷ್ಟೇ ಇನ್ನೊಂದು ಸಲ ಕಳೆದುಕೊಂಡ ಹಾಗೆ. ಆಪ್ಷನ್ ಮಾರುವವರು ಒತ್ತೆ ಇಡಬೇಕಾದ ಮಾರ್ಜಿನ್ ಹಣ ಸಾಲದೆ ಹೊರಬಿದ್ದವರು ಬಿದ್ದದ್ದು ಆ ಹೊತ್ತಿನಲ್ಲೇ.

ಇನ್ನು ಮೂರು ದಿನ ಕಾಯಿರಿ. ಜೂನ್ 7ರಂದು ನಿಫ್ಟಿ 23,290.15ಕ್ಕೆ ಮುಗಿಯಿತು. ಜೂನ್ 3ರ ಜಾಗಕ್ಕೇ ವಾಪಸ್! ವಿಕ್ಸ್ 17ರ ಆಸುಪಾಸು. ಅದೇ ಸ್ಟ್ರಾಡಲ್ ಈಗ ಸುಮಾರು 740. ಉಳಿದುಕೊಂಡಿದ್ದವನಿಗೆ ಲಾಟ್‌ಗೆ ಆರೂವರೆ ಸಾವಿರ ಲಾಭ. ಐವಿ ಇಳಿಯುತ್ತದೆ ಎಂದು ರ‍್ಯಾಂಕ್ ಹೇಳಿದ್ದು ಕೊನೆಗೂ ನಿಜವಾಯಿತು. ಅದು ನಿಜವಾಗುವ ಹೊತ್ತಿಗೆ ನಾವು ಆಟದಲ್ಲಿ ಇರುತ್ತೇವೆಯೋ ಇಲ್ಲವೋ ಅನ್ನುವುದನ್ನು ಮಾತ್ರ ಅದು ಹೇಳಿರಲಿಲ್ಲ.

ದುಬಾರಿ ಸರಿ, ಎಷ್ಟಕ್ಕೆ ದುಬಾರಿ?

ಜೂನ್ 3ರ ಸಂಜೆ ರ‍್ಯಾಂಕ್ ಬಿಟ್ಟು ಇನ್ನೊಂದು ಲೆಕ್ಕ ಹಾಕಬಹುದಿತ್ತು. ನನ್ನ ಪ್ರಕಾರ ಘಟನೆಯ ಹಿಂದಿನ ದಿನ ರ‍್ಯಾಂಕ್‌ಗಿಂತ ಈ ಲೆಕ್ಕವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸ್ವಲ್ಪ ತಾಳ್ಮೆ ಬೇಕು, ಕಷ್ಟವೇನಿಲ್ಲ.

ವರ್ಷದ ಐವಿಯನ್ನು ದಿನದ ಲೆಕ್ಕಕ್ಕೆ ತರಬೇಕಾದರೆ 252ರ ವರ್ಗಮೂಲದಿಂದ, ಅಂದರೆ ಸುಮಾರು 15.87ರಿಂದ ಭಾಗಿಸಬೇಕು. 20.9ನ್ನು ಭಾಗಿಸಿದರೆ ದಿನಕ್ಕೆ ಶೇ. 1.32. ಅಷ್ಟೇನಾ ಅನ್ನಿಸುತ್ತದೆ. ಆದರೆ ಇದು ಮುಂದಿನ ಎಲ್ಲ ದಿನಗಳೂ ಒಂದೇ ಥರ ಇರುತ್ತವೆ ಎಂದು ಹರಡಿದ ಸರಾಸರಿ. ನಿಜದಲ್ಲಿ ಒಂದು ದಿನ ಮಾತ್ರ ಸಿಡಿಲಿನ ದಿನ, ಉಳಿದವು ಮಾಮೂಲಿ. ಆ ಒಂದು ದಿನದ ಪಾಲನ್ನು ಬೇರೆ ತೆಗೆಯಬೇಕು.

ದಿನದಿನದ ಅಲುಗಾಟವನ್ನು ನೇರವಾಗಿ ಕೂಡುವಂತಿಲ್ಲ, ಅದರ ವರ್ಗವನ್ನು ಕೂಡಬೇಕು. 30 ದಿನಗಳಲ್ಲಿ ಸುಮಾರು 21 ವಹಿವಾಟಿನ ದಿನಗಳು. 1.32ರ ವರ್ಗ ಸುಮಾರು 1.73, ಅದನ್ನು 21ರಿಂದ ಗುಣಿಸಿದರೆ ಸುಮಾರು 36.4. ಇದು ಮಾರುಕಟ್ಟೆ ಇಡೀ ತಿಂಗಳಿಗೆ ಎತ್ತಿಟ್ಟ ಒಟ್ಟು ಅಲುಗಾಟ. ಈಗ ಚುನಾವಣೆ ಇಲ್ಲದ ಮಾಮೂಲಿ ದಿನಗಳಿಗೆ ಐವಿ 13 ಅಂದುಕೊಳ್ಳೋಣ. ಅದು ದಿನಕ್ಕೆ ಶೇ. 0.82, ವರ್ಗ 0.67. ಅಂಥ 20 ದಿನಗಳಿಗೆ 13.4. ಉಳಿದದ್ದು 23. ಅದರ ವರ್ಗಮೂಲ 4.8.

```
20.9 / 15.87 = 1.317
21 × 1.317² ≈ 36.4
13 / 15.87 = 0.819
20 × 0.819² ≈ 13.4
√(36.4 − 13.4) ≈ 4.8
```

ಅಂದರೆ ಜೂನ್ 3ರ ಸಂಜೆ ಆಪ್ಷನ್ ದರಗಳು ಜೂನ್ 4ಕ್ಕೆ ಸುಮಾರು ಶೇ. 4.8ರ ಅಲುಗಾಟವನ್ನು ಎಣಿಸಿದ್ದವು. ಇದು ಗರಿಷ್ಠ ಮಿತಿಯಲ್ಲ, ಒಂದು ಸ್ಟ್ಯಾಂಡರ್ಡ್ ಡೀವಿಯೇಶನ್. ಮೂರರಲ್ಲಿ ಒಂದು ಸಲ ಇದನ್ನೂ ಮೀರಬಹುದು ಎನ್ನುವ ಅಳತೆ. ಆದದ್ದು 5.93. ಮೀರಿತು, ಆದರೆ ಯಾರೂ ಊಹಿಸದಷ್ಟೇನೂ ಮೀರಲಿಲ್ಲ. ರ‍್ಯಾಂಕ್ 74 ಎಂದಾಗ ಆಪ್ಷನ್ ದುಬಾರಿ ಎಂದು ಅನ್ನಿಸಿತ್ತು. ಈ ಲೆಕ್ಕದ ಪ್ರಕಾರ ಅದು ಆ ದಿನಕ್ಕೆ ಕೊಡಬೇಕಾದ ದರವನ್ನೇ ಕೊಟ್ಟಿತ್ತು, ಸ್ವಲ್ಪ ಕಡಿಮೆಯೇ ಇತ್ತು.

ಹಾಗಾಗಿ ಘಟನೆಯ ಮುಂಚೆ ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಇಷ್ಟು ದಿನ ಐವಿ ಎಷ್ಟಿತ್ತು ಅಂತಲ್ಲ. ನಾಳೆ ಶೇ. 4.8ಕ್ಕಿಂತ ಕಡಿಮೆ ಅಲ್ಲಾಡುತ್ತದೆ ಎಂದು ನಂಬಲು ನನ್ನ ಬಳಿ ಏನು ಕಾರಣ ಇದೆ? ಕಾರಣ ಇಲ್ಲದಿದ್ದರೆ ಮಾರುವುದು ಬರೀ ಜೂಜು. ಕೊಳ್ಳುವುದೂ ಅಷ್ಟೇ, ಅದಕ್ಕಿಂತ ಜಾಸ್ತಿ ಅಲ್ಲಾಡುತ್ತದೆ ಎನ್ನಲು ಏನಾದರೂ ಬೇಕು. ಎರಡೂ ಇಲ್ಲದಿದ್ದರೆ ಆ ದಿನ ಟಿವಿ ನೋಡಿಕೊಂಡು ಕೂತರೆ ನಷ್ಟವೇನಿಲ್ಲ.

ಘಟನೆ ಯಾವುದೂ ಇಲ್ಲದೆ ರ‍್ಯಾಂಕ್ ಏರಿದ್ದರೆ ಕತೆ ಬೇರೆ. ಎಲ್ಲೋ ವಿದೇಶದಲ್ಲಿ ಏನೋ ಆಯಿತು, ಮಾರುಕಟ್ಟೆ ಬೆಚ್ಚಿತು, ಸುದ್ದಿ ಹೊರಬಂದು ಎರಡು ದಿನ ಆಗಿದೆ, ಆದರೂ ಐವಿ ಇಳಿದಿಲ್ಲ. ಆಪ್ಷನ್ ಮಾರುವವನಿಗೆ ಇದು ವಾಸಿ ಸಂದರ್ಭ, ಯಾಕೆಂದರೆ ಸಿಡಿಲು ಆಗಲೇ ಬಡಿದಾಗಿದೆ. ಜೂನ್ 5ನ್ನೇ ನೋಡಿ. ಫಲಿತಾಂಶ ಗೊತ್ತಾಗಿ, ಸರ್ಕಾರ ಯಾರದ್ದು ಎಂದು ಸ್ಪಷ್ಟವಾಗುತ್ತಿದ್ದ ಹಾಗೆ ವಿಕ್ಸ್ ಒಂದೇ ದಿನದಲ್ಲಿ 19ರ ಕೆಳಗೆ ಬಂತು. ಜೂನ್ 3ರಂದು ಮಾರಿದವನು ಘಟನೆಯನ್ನು ಹೆಗಲ ಮೇಲೆ ಹೊತ್ತಿದ್ದ. ಜೂನ್ 4ರ ಕೊನೆಗೆ ಮಾರಿದವನು ಘಟನೆ ಬಿಟ್ಟುಹೋದ ಭಯವನ್ನು ಮಾತ್ರ ಮಾರಿದ. ಹಾಗಂತ ಭಯ ಇನ್ನೂ ಬೆಳೆಯುವುದಿಲ್ಲ ಎಂದೇನಿಲ್ಲ. 2020ರ ಮಾರ್ಚ್‌ನಲ್ಲಿ ವಿಕ್ಸ್ 30 ದಾಟಿದಾಗಲೇ ರ‍್ಯಾಂಕ್ ನೂರಾಗಿತ್ತು. 40ಕ್ಕೂ ನೂರು, 60ಕ್ಕೂ ನೂರು, 80ಕ್ಕೂ ನೂರು. ನೂರು ಅಂದರೆ ಇದೇ ತುದಿ ಎಂದಲ್ಲ. ಇಲ್ಲಿಯವರೆಗಿನ ತುದಿ ಎಂದು ಮಾತ್ರ.

ಮಾರುವುದಾದರೆ ಹೇಗೆ

ಇದಕ್ಕಾಗಿಯೇ ರ‍್ಯಾಂಕ್ ಮೇಲಿದ್ದಾಗಲೂ ನಾನು ಬರೀ ಮಾರುವುದಿಲ್ಲ. ಎರಡೂ ಬದಿಗೆ ದೂರದ ಆಪ್ಷನ್ ಕೊಂಡು ಬೇಲಿ ಹಾಕಿಕೊಳ್ಳುತ್ತೇನೆ. ಜೂನ್ 3ರ ಉದಾಹರಣೆಯಲ್ಲೇ 22,250ರ ಪುಟ್ ಮತ್ತು 24,250ರ ಕಾಲ್ ಕೊಂಡಿದ್ದರೆ ಎರಡಕ್ಕೂ ಸೇರಿ ಅಂದಾಜು 300 ಪಾಯಿಂಟ್ ಖರ್ಚು. ಕೆಳಗಿನ ಪುಟ್‌ಗೆ ಸಾಮಾನ್ಯವಾಗಿ ಐವಿ ಜಾಸ್ತಿ ಇರುವುದರಿಂದ ನಿಜದಲ್ಲಿ ಇನ್ನಷ್ಟು ಹೋಗುತ್ತದೆ. 1,000ದಲ್ಲಿ 300 ಕಳೆದು ಕೈಯಲ್ಲಿ ಉಳಿಯುವುದು 700. ಪ್ರತಿ ಬದಿಗೆ ಬೇಲಿ 1,000 ಪಾಯಿಂಟ್ ದೂರ. ಹಾಗಾಗಿ ಏನೇ ಆದರೂ ಎಕ್ಸ್‌ಪೈರಿಯಲ್ಲಿ ಗರಿಷ್ಠ ನಷ್ಟ 1,000ದಲ್ಲಿ 700 ಕಳೆದು 300 ಪಾಯಿಂಟ್, ಲಾಟ್‌ಗೆ 7,500 ರೂಪಾಯಿ. ನಿಫ್ಟಿ 21,281ಕ್ಕೆ ಜಾರಿದರೂ ಅಷ್ಟೇ, 20,000ಕ್ಕೆ ಜಾರಿದ್ದರೂ ಅಷ್ಟೇ. ಲಾಭದಲ್ಲಿ ಒಂದು ಪಾಲು ಬಿಟ್ಟುಕೊಟ್ಟು ಜೂನ್ 7ರವರೆಗೆ ಉಳಿಯುವ ಟಿಕೆಟ್ ಕೊಂಡ ಹಾಗೆ. ಮಾರ್ಜಿನ್ ಕೂಡ ಕಡಿಮೆ ಬೇಕಾಗುತ್ತದೆ.

ಕೊಳ್ಳುವ ಕಡೆಯ ಮಾತು ಚಿಕ್ಕದು. ರ‍್ಯಾಂಕ್ 5 ಇದೆ ಎನ್ನುವುದೊಂದೇ ಕೊಳ್ಳಲು ಕಾರಣ ಅಲ್ಲ, ಯಾಕೆಂದರೆ ಕಡಿಮೆ ಐವಿ ತಿಂಗಳುಗಟ್ಟಲೆ ಕಡಿಮೆಯೇ ಇರಬಲ್ಲದು. 2023ರಲ್ಲಿ ವಿಕ್ಸ್ ಬಹಳ ಕಾಲ 10-12ರ ನಡುವೆ ಮಲಗಿತ್ತು. ಮೊದಲು ಹೇಳಿದ ಲೆಕ್ಕದಲ್ಲಿ, ಐವಿ 12 ಇದ್ದಾಗ 24,000ದ ಸ್ಟ್ರಾಡಲ್ 660 ಪಾಯಿಂಟ್. ಅದು ಅಗ್ಗವೇ. ಆದರೂ 30 ದಿನಗಳಲ್ಲಿ ನಿಫ್ಟಿ ಶೇ. 2.75 ಕದಲದಿದ್ದರೆ ಕೊಂಡವನಿಗೆ ಆ ಅಗ್ಗವೂ ನಷ್ಟವೇ. ಕಡಿಮೆ ರ‍್ಯಾಂಕ್ ಹೇಳುವುದು ಇಷ್ಟು: ನಿನಗೆ ಈಗಾಗಲೇ ದಿಕ್ಕಿನ ಬಗ್ಗೆಯೋ ಘಟನೆಯ ಬಗ್ಗೆಯೋ ಒಂದು ಅಭಿಪ್ರಾಯ ಇದ್ದರೆ, ಅದನ್ನು ಆಪ್ಷನ್ ಕೊಂಡು ಆಡು, ಮಾರಿ ಆಡಬೇಡ. ನಿಫ್ಟಿ ಏರುತ್ತದೆ ಎನ್ನುವವನು ರ‍್ಯಾಂಕ್ 10 ಇದ್ದಾಗ ಕಾಲ್ ಕೊಳ್ಳಬಹುದು. ರ‍್ಯಾಂಕ್ 80 ಇದ್ದಾಗ ಅದೇ ಅಭಿಪ್ರಾಯಕ್ಕೆ ಪುಟ್ ಸ್ಪ್ರೆಡ್ ಮಾರಬಹುದು, ಅಂದರೆ ಒಂದು ಪುಟ್ ಮಾರಿ ಅದಕ್ಕಿಂತ ಕೆಳಗಿನದೊಂದನ್ನು ಬೇಲಿಗೆ ಕೊಳ್ಳಬಹುದು. ನನ್ನ ಬಜೆಟ್ ಕಾಲ್ ಹೋದದ್ದು ಇಲ್ಲಿಯೇ. ದಿಕ್ಕು ಸರಿ ಇತ್ತು, ಅದಕ್ಕೆ ಆರಿಸಿಕೊಂಡ ಆಯುಧ ತಪ್ಪಾಗಿತ್ತು.

ಷೇರುಗಳ ಆಪ್ಷನ್ ಮಾಡುವವರಿಗೆ ಇನ್ನೊಂದು ಮಾತು. ಕಂಪನಿಯ ಐವಿ ಪ್ರತಿ ತ್ರೈಮಾಸಿಕ ಫಲಿತಾಂಶದ ಮುಂಚೆ ಏರುತ್ತದೆ, ನಂತರ ಇಳಿಯುತ್ತದೆ. ಹಾಗಾಗಿ ಫಲಿತಾಂಶದ ಹಿಂದಿನ ದಿನ ರ‍್ಯಾಂಕ್ 85 ಇದ್ದರೆ ಅದು ಸುದ್ದಿಯೇ ಅಲ್ಲ. ಹಬ್ಬದ ಹಿಂದಿನ ದಿನ ಹೂವು ದುಬಾರಿ ಎಂದ ಹಾಗೆ. ಹೋಲಿಸಬೇಕಾದ್ದು ಇಡೀ ವರ್ಷದ ಜೊತೆ ಅಲ್ಲ, ಹಿಂದಿನ ಫಲಿತಾಂಶಗಳ ಹಿಂದಿನ ದಿನಗಳ ಜೊತೆ. ನಮ್ಮ ಬೆಂಗಳೂರಿನ ಇನ್ಫೋಸಿಸ್ 2023ರ ಏಪ್ರಿಲ್ 13ರ ಸಂಜೆ ಫಲಿತಾಂಶ ಪ್ರಕಟಿಸಿತು. ಮರುದಿನ ಅಂಬೇಡ್ಕರ್ ಜಯಂತಿ ರಜೆ, ಆಮೇಲೆ ವಾರಾಂತ್ಯ. 17ರ ಸೋಮವಾರ ಷೇರು ತೆರೆದಾಗಲೇ ಕುಸಿದು, ದಿನದ ಕೊನೆಗೆ ಶೇ. 9ಕ್ಕೂ ಜಾಸ್ತಿ ಬಿದ್ದಿತ್ತು. ಮಧ್ಯೆ ಹೊರಬರಲು ಒಂದು ನಿಮಿಷವೂ ಸಿಕ್ಕಿರಲಿಲ್ಲ. ಇಂಥ ಕಡೆ ಸ್ಟಾಪ್ ಲಾಸ್ ಹಾಕಿದ್ದೇನೆ ಎನ್ನುವ ಧೈರ್ಯಕ್ಕೆ ಅರ್ಥವಿಲ್ಲ. ಬೇಲಿ ಮಾತ್ರ ಕಾಯುತ್ತದೆ. ಜೊತೆಗೆ ಷೇರು ಆಪ್ಷನ್‌ಗಳು ಎಕ್ಸ್‌ಪೈರಿಯಲ್ಲಿ ನಗದಿನಲ್ಲಿ ತೀರುವುದಿಲ್ಲ, ಷೇರುಗಳನ್ನೇ ಕೊಡಬೇಕು ಅಥವಾ ಪಡೆಯಬೇಕು. ಹಾಗಾಗಿ ಕೊನೆಯ ವಾರ ಮಾರ್ಜಿನ್ ಏರುತ್ತಾ ಹೋಗುತ್ತದೆ.

ಹೊರಬರುವುದು ಯಾವಾಗ ಅನ್ನುವುದನ್ನೂ ರ‍್ಯಾಂಕ್‌ನಿಂದಲೇ ಅಳೆಯಬಹುದು. ಮಾರಿದ್ದು ಐವಿ ಇಳಿಯುತ್ತದೆ ಎಂದು. ಅದು ಇಳಿದ ಮೇಲೆ ಅಲ್ಲಿ ಕೂತಿರಲು ಮೊದಲಿನ ಕಾರಣ ಉಳಿದಿಲ್ಲ. ಜೂನ್ 7ರಂದು ವರ್ಷದ ಹೊಸ ತುದಿ 26.7 ಹಿಡಿದರೆ ರ‍್ಯಾಂಕ್ 41ಕ್ಕೆ ಬಂದಿತ್ತು. ಸ್ಟ್ರಾಡಲ್‌ನಲ್ಲಿ ಇನ್ನೂ 740 ಪಾಯಿಂಟ್ ಇದೆ, ಜೂನ್ 27ರವರೆಗೆ ಕಾದರೆ ಅದೂ ಸಿಗಬಹುದು ಎಂಬ ಆಸೆ ಸಹಜ. ನಾನಾಗಿದ್ದರೆ ಅವತ್ತೇ 260 ಪಾಯಿಂಟ್ ತೆಗೆದುಕೊಂಡು ಮುಚ್ಚುತ್ತಿದ್ದೆ. ಉಳಿದ 20 ದಿನಗಳಿಗೆ ಬೇರೆ ಕಾರಣ ಬೇಕು, ಅದನ್ನು ಹೊಸ ವಹಿವಾಟು ಎಂದೇ ಬರೆದುಕೊಳ್ಳಬೇಕು.